ಲಿವರ್ ಇಲ್ಲದ ಹ್ಯಾಂಡ್‌ಬ್ರೇಕ್



ಈಚಿನ ಕೆಲವು ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ ಕೈ ಹಾಕಿದರೆ ಹ್ಯಾಂಡ್‌ಬ್ರೇಕ್ ಸಿಗುವುದಿಲ್ಲ. ಅದಿದ್ದ ಜಾಗದಲ್ಲಿ ಬಾಟಲಿ ಇಡುವ ಗುಳಿ ಇರುತ್ತದೆ. ಅದರ ಪಕ್ಕದಲ್ಲಿ ಬೆರಳಗಲದ ಒಂದು ಸ್ವಿಚ್, ಸ್ವಿಚ್ಚಿನ ಮೇಲೆ ವೃತ್ತದೊಳಗೆ ಬರೆದ ಪಿ ಎಂಬ ಇಂಗ್ಲಿಷ್ ಅಕ್ಷರ. ಸ್ವಿಚ್ಚನ್ನು ಮೇಲಕ್ಕೆ ಎಳೆದರೆ ಕಾರಿನ ಹಿಂಭಾಗದಿಂದ ಸಣ್ಣದಾಗಿ ಗುಯ್‌ ಎನ್ನುವ ಸದ್ದು ಬಂದು, ಒಂದು ಕ್ಷಣದಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಅಷ್ಟೇ, ಕಾರು ನಿಂತ ಹಾಗೆ. ಹಲವರಿಗೆ ಇದರ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಮಡಿಕೇರಿಯ ಯಾವುದೋ ಇಳಿಜಾರು ರಸ್ತೆಯಲ್ಲಿ ಕಾರು ನಿಲ್ಲಿಸಿ, ಸ್ವಿಚ್ ಎಳೆದು, ಇಳಿದ ಮೇಲೆ ಎರಡು ಹೆಜ್ಜೆ ಹೋಗಿ ತಿರುಗಿ ನೋಡುವವರನ್ನು ನಾನು ನೋಡಿದ್ದೇನೆ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ನ್ಯಾಯವಾದದ್ದೇ. ಕರೆಂಟಿನಿಂದ ಹಿಡಿಯುವ ಬ್ರೇಕು ಕರೆಂಟು ಹೋದರೆ ಬಿಟ್ಟುಬಿಡುವುದಿಲ್ಲವೇ? ಮೋಟಾರಿಗೆ ಎಷ್ಟು ಬಿಗಿದರೆ ಸಾಕು ಎಂದು ಗೊತ್ತಾಗುವುದು ಹೇಗೆ? ಇವತ್ತು ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡೇ ಮಾತಾಡುತ್ತೇನೆ. ಇವೆರಡಕ್ಕೆ ಉತ್ತರ ಸಿಕ್ಕರೆ ಈ ವ್ಯವಸ್ಥೆಯ ಮುಕ್ಕಾಲು ಭಾಗ ತಿಳಿದಂತೆಯೇ.

ಮೊದಲು ಹಳೆಯದನ್ನು ಒಮ್ಮೆ ನೆನೆಸಿಕೊಳ್ಳೋಣ. ಲಿವರ್ ಎಳೆದಾಗ ಅದರ ಬುಡದಲ್ಲಿರುವ ಉಕ್ಕಿನ ಕೇಬಲ್ ಬಿಗಿಯುತ್ತಿತ್ತು. ಅದು ಕಾರಿನ ಅಡಿಯಲ್ಲಿ ಎರಡಾಗಿ ಕವಲೊಡೆದು ಹಿಂದಿನ ಎರಡು ಚಕ್ರಗಳಿಗೆ ಹೋಗಿ, ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ಅಗಲಿಸುತ್ತಿತ್ತು. ಲಿವರಿನ ಬುಡದಲ್ಲಿ ಕಟಕಟ ಎನ್ನುವ ಹಲ್ಲುಗಳು ಎಳೆತವನ್ನು ಹಿಡಿದಿಡುತ್ತಿದ್ದವು. ಒಳ್ಳೆಯ ವ್ಯವಸ್ಥೆಯೇ. ಆದರೆ ಬಲವೆಲ್ಲ ಎಳೆಯುವವರ ತೋಳಿನದು. ಯುರೋಪಿನ ಬ್ರೇಕ್ ನಿಯಮದ ಪ್ರಕಾರ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕಿಗೆ 400 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಅಂದರೆ ಸುಮಾರು 40 ಕಿಲೋ ತೂಕ ಎತ್ತುವಷ್ಟು. ಎಪ್ಪತ್ತು ದಾಟಿದವರಿಗೆ, ಮೊಣಕೈ ನೋವಿರುವವರಿಗೆ ಅಷ್ಟು ಎಳೆಯುವುದು ಸುಲಭವಲ್ಲ. ಮೂರು ಕಟ್ ಎಳೆದು ಸಾಕೆಂದುಕೊಂಡವರ ಕಾರು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಕೇಬಲ್ ವರ್ಷ ಕಳೆದಂತೆ ಉದ್ದವಾಗುತ್ತಿತ್ತು, ಹೊದಿಕೆಯೊಳಗೆ ತುಕ್ಕು ಹಿಡಿದು ಒಂದು ಚಕ್ರದ ಕಡೆ ಬಿಗಿದು ಇನ್ನೊಂದು ಕಡೆ ಸಡಿಲ ಉಳಿಯುತ್ತಿತ್ತು.

ಲಿವರನ್ನು ತೆಗೆದು ಮೋಟಾರು ತರುವ ಪ್ರಯತ್ನ ಮಾರುಕಟ್ಟೆಗೆ ಬಂದದ್ದು 2001ರ ಸುಮಾರಿಗೆ. ಆಗ ಎರಡು ದಾರಿಗಳಿದ್ದವು. ಒಂದು, ಕೇಬಲ್ಲುಗಳನ್ನು ಹಾಗೆಯೇ ಉಳಿಸಿಕೊಂಡು, ಕೈಯ ಬದಲು ಒಂದು ಮೋಟಾರು ಅವುಗಳನ್ನು ಎಳೆಯುವುದು. ಬಿಎಂಡಬ್ಲ್ಯೂ 7 ಸರಣಿಯ ಕಾರು ಈ ದಾರಿ ಹಿಡಿಯಿತು. ಇನ್ನೊಂದು, ಕೇಬಲ್ಲನ್ನೇ ಕಿತ್ತುಹಾಕಿ ಪ್ರತಿ ಹಿಂಚಕ್ರದ ಕ್ಯಾಲಿಪರಿನ ಬೆನ್ನಿಗೆ ಒಂದೊಂದು ಪುಟ್ಟ ಮೋಟಾರು ಕೂರಿಸುವುದು. ಇಟಲಿಯ ಲಾನ್ಚಿಯಾ ಥೀಸಿಸ್ ಈ ದಾರಿಯ ಮೊದಲಿಗರಲ್ಲಿ ಒಂದು. 2005ರಲ್ಲಿ ಫೋಕ್ಸ್‌ವ್ಯಾಗನ್ ಪಸಾಟ್ ಇದನ್ನು ಹೆಚ್ಚು ಜನ ಕೊಳ್ಳುವ ಕಾರಿಗೆ ತಂದಿತು. ಇಂದು ಎರಡನೆಯ ದಾರಿಯೇ ಗೆದ್ದಿದೆ. ನಮ್ಮಲ್ಲಿ 2020ರ ಹ್ಯುಂಡೈ ಕ್ರೆಟಾದಂಥ ಮಧ್ಯಮ ಬೆಲೆಯ ಕಾರುಗಳ ಮೇಲಿನ ಮಾದರಿಗಳಿಗೂ ಇದು ಬಂದಾಗಿದೆ. ನಾನು ಹೇಳಹೊರಟಿರುವುದು ಈ ಎರಡನೆಯ ಬಗೆಯನ್ನು ಕುರಿತು.

ಹಿಂಚಕ್ರ ಬಿಚ್ಚಿದರೆ ಹೊಳೆಯುವ ಡಿಸ್ಕ್ ಕಾಣುತ್ತದೆ. ಅದನ್ನು ಇಕ್ಕಳದಂತೆ ತಬ್ಬಿಕೊಂಡಿರುವುದು ಕ್ಯಾಲಿಪರ್. ಅದರೊಳಗೆ ಡಿಸ್ಕಿನ ಎರಡೂ ಬದಿಗೆ ಒಂದೊಂದು ಪ್ಯಾಡ್. ಒಳಬದಿಯ ಪ್ಯಾಡಿನ ಹಿಂದೆ ಒಂದು ಪಿಸ್ಟನ್. ನೀವು ಕಾಲಿನಿಂದ ಬ್ರೇಕ್ ತುಳಿದಾಗ ಬ್ರೇಕ್ ಆಯಿಲ್ ಆ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡು ಡಿಸ್ಕನ್ನು ಒತ್ತುತ್ತದೆ. ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಹೊರಬದಿಯ ಪ್ಯಾಡನ್ನೂ ಎಳೆದುಕೊಂಡು ಬರುತ್ತದೆ. ಇಲ್ಲಿಯವರೆಗೆ ಜಾರುವ ಕ್ಯಾಲಿಪರಿನ ಎಲ್ಲ ಡಿಸ್ಕ್ ಬ್ರೇಕುಗಳೂ ಒಂದೇ.

ವ್ಯತ್ಯಾಸ ಇರುವುದು ಆ ಪಿಸ್ಟನ್ನಿನ ಹೊಟ್ಟೆಯೊಳಗೆ. ಪಿಸ್ಟನ್ನು ಟೊಳ್ಳು. ಅದರೊಳಗೆ ಕಿರುಬೆರಳಿನಷ್ಟು ದಪ್ಪದ ಒಂದು ಸ್ಕ್ರೂ ಇದೆ, ಸ್ಕ್ರೂ ಮೇಲೆ ಒಂದು ನಟ್ ಇದೆ. ನಟ್ಟಿಗೆ ತಿರುಗಲು ಅವಕಾಶವಿಲ್ಲ. ಅದರ ಹೊರಮೈಯ ಆಕಾರ ಪಿಸ್ಟನ್ನಿನ ಒಳಗೋಡೆಗೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಸ್ಕ್ರೂ ತಿರುಗಿದರೆ ನಟ್ಟು ಮುಂದಕ್ಕೋ ಹಿಂದಕ್ಕೋ ಸರಿಯಲೇಬೇಕು. ಮುಂದಕ್ಕೆ ಸರಿದು ಪಿಸ್ಟನ್ನಿನ ತಳಕ್ಕೆ ತಾಗಿತೆಂದರೆ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಪ್ಯಾಡನ್ನು, ಪ್ಯಾಡು ಡಿಸ್ಕನ್ನು. ಒಂದೇ ಪಿಸ್ಟನ್ನು, ಒಂದೇ ಜೊತೆ ಪ್ಯಾಡು. ಓಡುವಾಗ ಎಣ್ಣೆ ತಳ್ಳುತ್ತದೆ, ನಿಂತಾಗ ನಟ್ಟು ತಳ್ಳುತ್ತದೆ. ಎಣ್ಣೆಗೂ ನಟ್ಟಿಗೂ ಒಂದರ ಹಂಗು ಇನ್ನೊಂದಕ್ಕಿಲ್ಲ.

ಆ ಸ್ಕ್ರೂವನ್ನು ತಿರುಗಿಸುವುದು ಕ್ಯಾಲಿಪರಿನ ಹಿಂದೆ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕುಳಿತ 12 ವೋಲ್ಟಿನ ಮೋಟಾರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅಷ್ಟು ಚಿಕ್ಕ ಮೋಟಾರು ನೇರವಾಗಿ ಸ್ಕ್ರೂ ತಿರುಗಿಸಲಾರದು, ಅದಕ್ಕೇ ನಡುವೆ ಗೇರುಗಳಿವೆ. 2005ರ ಪಸಾಟ್ ಕಾರಿನದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೋಟಾರಿನ ತಿರುಗಾಟವನ್ನು ಒಂದು ಹಲ್ಲುಬೆಲ್ಟ್ ಮೂರನೇ ಒಂದಕ್ಕೆ ಇಳಿಸುತ್ತದೆ; ಅದರ ಮುಂದಿನ ಗೇರು ಅದನ್ನು ಮತ್ತೆ ಐವತ್ತನೇ ಒಂದಕ್ಕೆ ಇಳಿಸುತ್ತದೆ. ಅಂದರೆ ಮೋಟಾರು 150 ಸುತ್ತು ಸುತ್ತಿದಾಗ ಸ್ಕ್ರೂ ಸುತ್ತುವುದು ಒಂದೇ ಸುತ್ತು. ವೇಗ ಎಷ್ಟು ಪಟ್ಟು ಇಳಿಯಿತೋ, ಗೇರುಗಳ ಉಜ್ಜಾಟದಲ್ಲಿ ಹೋಗುವುದನ್ನು ಕಳೆದು, ತಿರುಗಿಸುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಆ ಮೇಲೆ ಸ್ಕ್ರೂ ತನ್ನ ಪಾಲು ಸೇರಿಸುತ್ತದೆ: ಒಂದು ಪೂರ್ತಿ ಸುತ್ತಿಗೆ ನಟ್ಟು ಸರಿಯುವುದು ಎರಡು ಮಿಲಿಮೀಟರಿನ ಆಸುಪಾಸು ಮಾತ್ರ. ಬೆರಳುಗಳಿಂದ ಹಿಡಿದು ನಿಲ್ಲಿಸಬಹುದಾದಷ್ಟು ದುರ್ಬಲ ಮೋಟಾರು ಈ ಎರಡು ಮೆಟ್ಟಿಲು ದಾಟುವ ಹೊತ್ತಿಗೆ ಟನ್ನಿಗೂ ಮಿಕ್ಕಿದ ಭಾರದಿಂದ ಪ್ಯಾಡನ್ನು ಒತ್ತುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಕರೆಂಟು ಹೋದರೆ ಏನು ಗತಿ?

ಪಂಕ್ಚರ್ ಆದಾಗ ಕಾರನ್ನು ಎತ್ತುವ ಸ್ಕ್ರೂ ಜಾಕನ್ನು ನೋಡಿರುತ್ತೀರಿ. ಹಿಡಿ ತಿರುಗಿಸಿದರೆ ಕಾರು ಮೇಲೇರುತ್ತದೆ. ಹಿಡಿ ಬಿಟ್ಟು ಎದ್ದು ಹೋದರೂ ಕಾರು ಕೆಳಗಿಳಿಯುವುದಿಲ್ಲ. ಕಾರಿನ ಭಾರ ಎಷ್ಟು ಒತ್ತಿದರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಕಾರಣ, ಸ್ಕ್ರೂವಿನ ಎಳೆಗಳು ತೀರ ಕಡಿಮೆ ಓರೆ. ಎಳೆಯ ಇಳಿಜಾರು ಮೂರು ನಾಲ್ಕು ಡಿಗ್ರಿ ಇದ್ದರೆ, ಉಕ್ಕಿಗೂ ಉಕ್ಕಿಗೂ ನಡುವಿನ ಘರ್ಷಣೆ ಅದಕ್ಕಿಂತ ಹೆಚ್ಚಿನ ಇಳಿಜಾರಿನಲ್ಲೂ ಜಾರದಂತೆ ಹಿಡಿಯಬಲ್ಲದು. ಕ್ಯಾಲಿಪರಿನೊಳಗಿನ ಸ್ಕ್ರೂವೂ ಇದೇ ಜಾತಿಯದು. ಮೋಟಾರು ಬಿಗಿದು ಮುಗಿಸಿತೆಂದರೆ ಅದಕ್ಕೆ ಹೋಗುವ ಕರೆಂಟನ್ನು ಪೂರ್ತಿ ನಿಲ್ಲಿಸಲಾಗುತ್ತದೆ. ಆಮೇಲೆ ಕಾರನ್ನು ಹಿಡಿದಿರುವುದು ಕರೆಂಟಲ್ಲ, ಸ್ಕ್ರೂವಿನ ಎಳೆಗಳ ಘರ್ಷಣೆ. ರಾತ್ರಿಯೆಲ್ಲ ನಿಂತ ಕಾರಿನ ಬ್ರೇಕು ಬ್ಯಾಟರಿಯ ಒಂದು ಹನಿ ಕರೆಂಟನ್ನೂ ಬಳಸಿರುವುದಿಲ್ಲ. ಬ್ಯಾಟರಿಯನ್ನೇ ಬಿಚ್ಚಿ ಮನೆಗೊಯ್ದರೂ ಬ್ರೇಕು ಬಿಡುವುದಿಲ್ಲ. ಬಿಡಬೇಕಾದರೆ ಮೋಟಾರು ಹಿಮ್ಮುಖವಾಗಿ ತಿರುಗಲೇಬೇಕು, ಅದಕ್ಕೆ ಕರೆಂಟು ಬೇಕು. ಹೀಗಾಗಿ ಜನ ಹೆದರುವುದು ಯಾವುದಕ್ಕೋ, ನಿಜವಾಗಿ ಬರುವ ತೊಂದರೆ ಇನ್ನೊಂದೇ: ಬ್ಯಾಟರಿ ಸತ್ತಾಗ ಬ್ರೇಕು ಬಿಡುವುದಿಲ್ಲ. ಆಗ ತಳ್ಳಿ ಸ್ಟಾರ್ಟ್ ಮಾಡಲು ಹೊರಟರೆ ಹಿಂಚಕ್ರಗಳು ಕದಲುವುದಿಲ್ಲ. ಇನ್ನೊಂದು ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಟ್ಟು, ಬ್ರೇಕ್ ಪೆಡಲ್ ತುಳಿದು ಸ್ವಿಚ್ ಒತ್ತಿ ಬಿಡಿಸಿಕೊಳ್ಳಬೇಕು.

ಎರಡನೆಯ ಪ್ರಶ್ನೆ ನನಗೆ ಇನ್ನೂ ಹೆಚ್ಚು ಇಷ್ಟ. ಮೋಟಾರಿಗೆ ಎಲ್ಲಿ ನಿಲ್ಲಬೇಕೆಂದು ಯಾರು ಹೇಳುತ್ತಾರೆ? ಪ್ಯಾಡಿನ ಹಿಂದೆ ಒತ್ತಡ ಅಳೆಯುವ ಸಾಧನ ಇದ್ದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿನ ಬಿಸಿ, ಕೆಸರು, ನೀರಿನ ನಡುವೆ ಅಂಥದ್ದನ್ನು ವರ್ಷಗಟ್ಟಲೆ ಬಾಳಿಸುವುದು ಕಷ್ಟ, ದುಬಾರಿ. ಅದರ ಬದಲು ಕಂಟ್ರೋಲ್ ಯೂನಿಟ್ ಮೋಟಾರು ಎಳೆದುಕೊಳ್ಳುವ ಕರೆಂಟನ್ನೇ ನೋಡುತ್ತಿರುತ್ತದೆ. ಮೋಟಾರಿನ ಮೇಲೆ ಹೊರೆ ಹೆಚ್ಚಿದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಈ ಒಂದು ಸಂಗತಿಯ ಮೇಲೆ ಇಡೀ ಲೆಕ್ಕಾಚಾರ ನಿಂತಿದೆ.

ಆ ಒಂದು ಕ್ಷಣದಲ್ಲಿ ನಡೆಯುವುದನ್ನು ನಿಧಾನವಾಗಿ ನೋಡೋಣ. ಸ್ವಿಚ್ ಎಳೆದ ತಕ್ಷಣ, ನಿಂತಿದ್ದ ಮೋಟಾರು ಓಡಲು ಹೊರಡುವಾಗ ಕರೆಂಟು ಚಂಗನೆ ನೆಗೆಯುತ್ತದೆ. ಇದು ಎಲ್ಲ ಮೋಟಾರುಗಳ ಗುಣ. ಕಂಟ್ರೋಲ್ ಯೂನಿಟ್ ಈ ನೆಗೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಕರೆಂಟು ಸರಕ್ಕನೆ ಇಳಿದು ಒಂದೆರಡು ಆಂಪಿಯರಿನಷ್ಟರಲ್ಲಿ ಸಮವಾಗಿ ನಿಲ್ಲುತ್ತದೆ. ಇದು ನಟ್ಟು ಖಾಲಿ ಜಾಗದಲ್ಲಿ ಸರಿಯುತ್ತಿರುವ ಹೊತ್ತು. ಪಿಸ್ಟನ್ನಿಗೆ ಇನ್ನೂ ತಾಗಿಲ್ಲ. ತಾಗಿ, ಪ್ಯಾಡು ಡಿಸ್ಕಿಗೆ ಕೂತ ಕ್ಷಣದಿಂದ ಕರೆಂಟು ಏರತೊಡಗುತ್ತದೆ. ಕ್ಯಾಲಿಪರಿನ ಎರಕದ ಮೈ ಕೂದಲೆಳೆಯಷ್ಟು ಬಾಗುತ್ತದೆ, ಪ್ಯಾಡು ಅಮುಕಿಕೊಳ್ಳುತ್ತದೆ, ಮೋಟಾರು ಏದುಸಿರು ಬಿಡುತ್ತದೆ. ನೀವು ಕಿವಿಗೊಟ್ಟರೆ ಗುಯ್‌ಗುಡುವ ಸದ್ದು ಕೊನೆಯಲ್ಲಿ ದಪ್ಪವಾಗುವುದು ಕೇಳಿಸುತ್ತದೆ; ಅದು ಮೋಟಾರಿನ ವೇಗ ಇಳಿಯುತ್ತಿರುವ ಸದ್ದು. ಕರೆಂಟು ಗೊತ್ತುಮಾಡಿದ ಮಟ್ಟಕ್ಕೆ, ಎಷ್ಟೋ ಕಾರುಗಳಲ್ಲಿ ಹದಿನೈದು ಆಂಪಿಯರಿನ ಆಸುಪಾಸಿಗೆ, ಮುಟ್ಟಿದ ಕೂಡಲೇ ಯೂನಿಟ್ ಅದನ್ನು ಕತ್ತರಿಸುತ್ತದೆ. ಪ್ಯಾಡು ಸವೆದಿದ್ದರೆ ನಟ್ಟು ಇನ್ನಷ್ಟು ಮುಂದೆ ಹೋಗಿ ತಾಗುತ್ತದೆ, ಅಷ್ಟೇ ವ್ಯತ್ಯಾಸ. ಹಳೆಯ ಹ್ಯಾಂಡ್‌ಬ್ರೇಕಿನಂತೆ ವರ್ಷಕ್ಕೊಮ್ಮೆ ಕೇಬಲ್ ಬಿಗಿಸುವ ಕೆಲಸ ಇಲ್ಲವಾದದ್ದು ಇದರಿಂದ.

ಈ ಅಂದಾಜಿಗೂ ಮಿತಿಯಿದೆ. ಬ್ಯಾಟರಿ ಬಲಹೀನವಾಗಿ ವೋಲ್ಟೇಜ್ ಕುಸಿದಿದ್ದರೆ ಮೋಟಾರು ಬೇಕಾದ ಮಟ್ಟಕ್ಕೆ ಬಿಗಿಯಲಾರದೆ ನಿಂತುಬಿಡಬಹುದು. ಮೋಟಾರು ಬಿಸಿಯಾಗಿದ್ದಾಗ ಒಂದೇ ಕರೆಂಟಿಗೆ ದೊರೆಯುವ ಬಲ ತುಸು ಕಡಿಮೆ. ಆದ್ದರಿಂದ ಯೂನಿಟ್ಟು ಕರೆಂಟಿನ ಜೊತೆಗೆ ವೋಲ್ಟೇಜನ್ನೂ, ಬಿಸಿಯ ಅಂದಾಜನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಸಾಲದೆನಿಸಿದರೆ ಕೆಂಪು ದೀಪವನ್ನು ಮಿಣುಕಿಸುತ್ತದೆ. ಸ್ಥಿರವಾಗಿ ಉರಿಯುವ ಕೆಂಪು ದೀಪ ಎಂದರೆ ಹಿಡಿದಿದೆ. ಮಿಣುಕುವ ದೀಪ ಎಂದರೆ ಸಾಮಾನ್ಯವಾಗಿ ಪೂರ್ತಿ ಹಿಡಿದಿಲ್ಲ. ಕಾರಿಂದ ಇಳಿಯುವ ಮುನ್ನ ಈ ದೀಪವನ್ನು ಒಂದು ಕ್ಷಣ ನೋಡುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ.

ಎಷ್ಟು ಬಲ ಬೇಕು ಎನ್ನುವುದನ್ನು ಒಂದು ಲೆಕ್ಕದಲ್ಲಿ ನೋಡಿಬಿಡೋಣ, ಅಂಕಿಗಳು ಹೆಚ್ಚಿಲ್ಲ. ಯುರೋಪಿನ ಅದೇ ನಿಯಮದ ಪ್ರಕಾರ ಪಾರ್ಕಿಂಗ್ ಬ್ರೇಕು ತುಂಬಿದ ಕಾರನ್ನು ನೂರಕ್ಕೆ ಇಪ್ಪತ್ತರ ಇಳಿಜಾರಿನಲ್ಲಿ ನಿಲ್ಲಿಸಬೇಕು. ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತಡಿ ಏರುವ ರಸ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ ಇಳಿಯುವ ಕಡಿದಾದ ರ‍್ಯಾಂಪುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರು ಅಲ್ಲಿ ನಿಂತರೆ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 2900 ನ್ಯೂಟನ್. ಅದನ್ನು ಎರಡು ಹಿಂಚಕ್ರಗಳು ಹಂಚಿಕೊಳ್ಳಬೇಕು. ಟೈರಿನ ಅಂಚಿನಲ್ಲಿ ಬೀಳುವ ಈ ಎಳೆತವನ್ನು ಟೈರಿಗಿಂತ ಬಹಳ ಚಿಕ್ಕದಾದ ಡಿಸ್ಕಿನ ಮೇಲೆ ಹಿಡಿದು ನಿಲ್ಲಿಸಬೇಕು. ಟೈರಿನ ಅರೆವ್ಯಾಸ 32 ಸೆಂಟಿಮೀಟರ್, ಪ್ಯಾಡು ಡಿಸ್ಕನ್ನು ಹಿಡಿಯುವ ಜಾಗ ಕೇಂದ್ರದಿಂದ 12 ಸೆಂಟಿಮೀಟರ್, ಪ್ಯಾಡಿನ ಘರ್ಷಣೆಯ ಗುಣಾಂಕ 0.35 ಎಂದಿಟ್ಟುಕೊಂಡರೆ, ಪ್ರತಿ ಕ್ಯಾಲಿಪರ್ ಕನಿಷ್ಠ 5500 ನ್ಯೂಟನ್‌ಗಳಷ್ಟು, ಎಂದರೆ ಸುಮಾರು 560 ಕಿಲೋ ಭಾರದಷ್ಟು ಒತ್ತಬೇಕು. ಮೋಟಾರು ಒತ್ತುವುದು ಇದಕ್ಕಿಂತ ತುಂಬಾ ಹೆಚ್ಚು. 15 ಸಾವಿರ ನ್ಯೂಟನ್ ದಾಟಿಸುವ ಕ್ಯಾಲಿಪರುಗಳು ಸಾಮಾನ್ಯ.

ಮೂರು ಪಟ್ಟು ಏಕೆ ಎಂದು ಕೇಳಬಹುದು. ಪ್ಯಾಡು ಒದ್ದೆಯಾಗಿದ್ದರೆ, ಬಿಸಿಗೆ ಗಾಜಿನಂತೆ ನುಣುಪಾಗಿದ್ದರೆ ಘರ್ಷಣೆ ಇಳಿಯುತ್ತದೆ. ಅದಲ್ಲದೆ ಒಂದು ಕಡೆಯ ಮೋಟಾರು ಕೆಟ್ಟರೂ ಇನ್ನೊಂದು ಕಡೆಯದು ಕೆಲಸಕ್ಕೆ ಬರಬೇಕು. ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಬಂದಾಗಲೂ ನೂರಕ್ಕೆ ಎಂಟರ ಇಳಿಜಾರಿನಲ್ಲಿ ಕಾರು ನಿಲ್ಲಬೇಕು ಎಂದು ಆ ನಿಯಮವೇ ಕೇಳುತ್ತದೆ. ನಮ್ಮ ಲೆಕ್ಕದ ಕಾರನ್ನು ಅಂಥ ಇಳಿಜಾರಿನಲ್ಲಿ ಒಂದೇ ಕ್ಯಾಲಿಪರಿನಿಂದ ಹಿಡಿಯಲು 4500 ನ್ಯೂಟನ್ ಸಾಕು. ಒಂಟಿ ಮೋಟಾರು ಅದನ್ನು ಸುಲಭವಾಗಿ ಕೊಡುತ್ತದೆ. ಎರಡೂ ಚಕ್ರಕ್ಕೆ ಒಂದೇ ಕೇಬಲ್ಲನ್ನು ನಂಬಿಕೊಂಡಿದ್ದ ಹಳೆಯ ಏರ್ಪಾಡಿಗೆ ಈ ಅನುಕೂಲ ಇರಲಿಲ್ಲ.

ಹೆಚ್ಚುವರಿ ಬಲಕ್ಕೆ ಇನ್ನೊಂದು ಕಾರಣವಿದೆ. ಘಟ್ಟದ ರಸ್ತೆಯಲ್ಲಿ ಓಡಾಡುವವರು ಇದನ್ನು ತಿಳಿದಿರಲೇಬೇಕು. ಆಗುಂಬೆಯಿಂದ ಸೋಮೇಶ್ವರದವರೆಗೆ ಹೇರ್‌ಪಿನ್ ತಿರುವುಗಳನ್ನು ಇಳಿದು ಬಂದ ಕಾರಿನ ಡಿಸ್ಕುಗಳು ಮುಟ್ಟಲಾಗದಷ್ಟು ಕಾದಿರುತ್ತವೆ. ಕಾದ ಲೋಹ ಹಿಗ್ಗುತ್ತದೆ, ಪ್ಯಾಡು ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿದ ಸ್ಥಿತಿಯಲ್ಲಿ ಬಿಗಿದು, ನೀವು ಕಾಫಿಗೆಂದು ಇಳಿಯುತ್ತೀರಿ. ಅರ್ಧ ಗಂಟೆಯಲ್ಲಿ ಎಲ್ಲವೂ ಆರಿ ಕುಗ್ಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಡಿಸ್ಕು 200 ಡಿಗ್ರಿ ಆರಿದರೆ ಕುಗ್ಗುವುದು ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಮಾತ್ರ. ಆದರೆ ಇಡೀ ಬಿಗಿತ ಹುಟ್ಟಿದ್ದೇ ಮಿಲಿಮೀಟರಿನ ಚಿಕ್ಕ ಪಾಲಿನಷ್ಟು ಬಾಗಿದ ಕ್ಯಾಲಿಪರಿನಿಂದ. ಅದರಲ್ಲಿ ಡಿಸ್ಕು ತನ್ನ ಪಾಲು, ಪ್ಯಾಡುಗಳು ಅದಕ್ಕಿಂತ ದೊಡ್ಡ ಪಾಲು ಕಳೆದರೆ ಒತ್ತುವ ಬಲ ಗಮನಿಸುವಷ್ಟು ಇಳಿಯುತ್ತದೆ. ಕೇಬಲ್ಲಿಗೆ ಸ್ಪ್ರಿಂಗಿನಂತೆ ಸ್ವಲ್ಪ ಎಳೆಯುವ ಗುಣವಿತ್ತು, ಕುಗ್ಗಿದಾಗ ಒಂದಿಷ್ಟು ಹಿಂಬಾಲಿಸುತ್ತಿತ್ತು. ಗಟ್ಟಿ ಸ್ಕ್ರೂವಿಗೆ ಆ ಗುಣವಿಲ್ಲ, ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಮತ್ತೊಮ್ಮೆ ಬಿಗಿಯುವುದು. ನೀವು ಎಷ್ಟು ಹೊತ್ತು, ಎಷ್ಟು ಜೋರಾಗಿ ಬ್ರೇಕ್ ತುಳಿದಿರಿ ಎನ್ನುವುದರ ಮೇಲೆ ಯೂನಿಟ್ಟು ಡಿಸ್ಕಿನ ಬಿಸಿಯನ್ನು ಅಂದಾಜು ಮಾಡಿಟ್ಟುಕೊಂಡಿರುತ್ತದೆ. ತುಂಬಾ ಕಾದಿದೆ ಎನಿಸಿದರೆ, ಇಂಜಿನ್ ಆಫ್ ಆಗಿ ಕೆಲವು ನಿಮಿಷಗಳಾದ ಮೇಲೆ ತಾನಾಗಿ ಎಚ್ಚೆತ್ತು ಇನ್ನೊಂದು ಸಲ ಬಿಗಿಯುತ್ತದೆ. ಚಕ್ರ ತುಸು ಸರಿದದ್ದು ಗೊತ್ತಾದರೂ ಬಿಗಿಯುವ ಕಾರುಗಳಿವೆ. ಖಾಲಿ ಕಾರಿನಿಂದ ಇದ್ದಕ್ಕಿದ್ದಂತೆ ಗುಯ್‌ ಸದ್ದು ಬಂದಿತೆಂದು ಗಾಬರಿಯಾಗುವವರು ಇದ್ದಾರೆ. ಅದು ಕಾರು ತನ್ನ ಕೆಲಸ ಮಾಡುತ್ತಿರುವ ಸದ್ದು. ಆದರೂ ಘಟ್ಟ ಇಳಿದು ಇಳಿಜಾರಿನಲ್ಲೇ ನಿಲ್ಲಿಸಬೇಕಾಗಿ ಬಂದರೆ, ಗೇರು ಹಾಕಿಯೇ ನಿಲ್ಲಿಸಿ, ಆಟೋಮ್ಯಾಟಿಕ್ ಆದರೆ ಪಿ ಸ್ಥಾನಕ್ಕೆ ತನ್ನಿ. ಮುಂಚಕ್ರವನ್ನು ರಸ್ತೆಯ ಅಂಚಿನ ಕಡೆ ತಿರುಗಿಸಿಡಿ. ಮೋಟಾರು ಬಂದಿದೆಯೆಂದು ಈ ಹಳೆಯ ಅಭ್ಯಾಸಗಳನ್ನು ಬಿಡಬೇಕಾಗಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಅನುಭವವಾಗುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಒದ್ದೆ ಕಾರನ್ನು ನಾಲ್ಕೈದು ದಿನ ನಿಲ್ಲಿಸಿದರೆ, ಬಿಗಿಯಾಗಿ ಕೂತ ಪ್ಯಾಡಿನ ಕೆಳಗೆ ಡಿಸ್ಕು ತುಕ್ಕು ಹಿಡಿದು ಎರಡೂ ಅಂಟಿಕೊಳ್ಳುತ್ತವೆ. ಹೊರಡುವಾಗ ಟಪ್ಪೆಂದು ಬಿಡುತ್ತದೆ. ಮನೆಯ ಸಮತಟ್ಟಾದ ಶೆಡ್ಡಿನಲ್ಲಿ ದಿನಗಟ್ಟಲೆ ನಿಲ್ಲಿಸುವವರು ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಹಾಕದೆ ನಿಲ್ಲಿಸಬಹುದು. ಇಂಜಿನ್ ಆಫ್ ಮಾಡಿದ ಕೂಡಲೇ ತಾನೇ ಬ್ರೇಕ್ ಹಾಕುವ ಕಾರಾದರೆ ಅದನ್ನು ತಡೆಯುವ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ.

ಓಡುವ ಕಾರಿನಲ್ಲಿ ಮಗುವೊಂದು ಈ ಸ್ವಿಚ್ ಎಳೆದುಬಿಟ್ಟರೆ? ಹಳೆಯ ಹ್ಯಾಂಡ್‌ಬ್ರೇಕನ್ನು ವೇಗದಲ್ಲಿ ಎಳೆದರೆ ಹಿಂಚಕ್ರಗಳು ಲಾಕ್ ಆಗಿ ಕಾರು ಸುತ್ತಿ ಹೋಗುತ್ತಿತ್ತು. ಹೊಸದರಲ್ಲಿ ಸುಮ್ಮನೆ ತಾಗಿಸಿದರೆ ಏನೂ ಆಗುವುದಿಲ್ಲ. ಬೇಕೆಂದೇ ಎಳೆದು ಹಿಡಿದುಕೊಂಡರೆ ಮಾತ್ರ ಕಾರು ನಿಲ್ಲತೊಡಗುತ್ತದೆ, ಅದೂ ಮೋಟಾರುಗಳಿಂದಲ್ಲ. ಕಾರು ಜಾರದಂತೆ ನೋಡಿಕೊಳ್ಳುವ ಇಎಸ್‌ಸಿ ಯೂನಿಟ್ಟಿನೊಳಗೆ ಒಂದು ಪಂಪಿದೆ; ಅದು ಬ್ರೇಕ್ ಆಯಿಲಿಗೆ ಒತ್ತಡ ಕೊಟ್ಟು ನಾಲ್ಕೂ ಚಕ್ರಗಳನ್ನು ಹದವಾಗಿ ಹಿಡಿಯುತ್ತದೆ. ಸ್ವಿಚ್ ಬಿಟ್ಟರೆ ಬ್ರೇಕೂ ಬಿಡುತ್ತದೆ. ಪಸಾಟಿನಲ್ಲಿ ಗಂಟೆಗೆ 7 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹೀಗೆ ಕೆಲಸ ಮಾಡುವಂತೆ ಮಾಡಿದ್ದರು. ಕಾಲಿನ ಬ್ರೇಕು ಕೈಕೊಟ್ಟ ದಿನ ಇದು ಜೀವ ಉಳಿಸೀತು. ಮನೆಯವರಿಗೆಲ್ಲ ಹೇಳಿಡಿ: ಎಳೆಯಬೇಕು, ಬಿಡದೆ ಹಿಡಿದುಕೊಂಡೇ ಇರಬೇಕು.

ಸ್ವಿಚ್ಚಿನ ಬಳಿಯೇ ಇರುವ ಆಟೋ ಹೋಲ್ಡ್ ಎಂಬ ಗುಂಡಿಯನ್ನು ಪಾರ್ಕಿಂಗ್ ಬ್ರೇಕಿನೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಸಿಗ್ನಲ್ಲಿನಲ್ಲಿ ಪೆಡಲಿಂದ ಕಾಲು ತೆಗೆದರೂ ಕಾರು ನಿಂತಿರುವುದು ಅದೇ ಎಣ್ಣೆಯ ಒತ್ತಡದಿಂದ. ಅದು ಸ್ಕ್ರೂವಿನಂತೆ ತಾನಾಗಿ ಹಿಡಿದಿಟ್ಟುಕೊಳ್ಳುವ ಬಲವಲ್ಲ, ಕರೆಂಟು ತಿನ್ನುತ್ತಲೇ ಇರುತ್ತದೆ. ಅದಕ್ಕೇ ಕೆಲವು ನಿಮಿಷ ಕಳೆದರೆ ಅಥವಾ ನೀವು ಸೀಟ್‌ಬೆಲ್ಟ್ ಬಿಚ್ಚಿ ಬಾಗಿಲು ತೆರೆದರೆ, ಯೂನಿಟ್ಟು ಕೆಲಸವನ್ನು ಹಿಂದಿನ ಮೋಟಾರುಗಳಿಗೆ ಒಪ್ಪಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಟೋ ಹೋಲ್ಡಿನ ಹಸಿರು ದೀಪ ಹೋಗಿ ಕೆಂಪು ದೀಪ ಬರುವುದು ಆಗಲೇ. ಹಸಿರು ದೀಪವನ್ನು ನಂಬಿ ಕಾರಿಂದ ಇಳಿಯಬೇಡಿ.

ಇನ್ನು ಕೆಡುವುದು ಎಲ್ಲಿ? ಮೋಟಾರು ಇರುವುದು ಚಕ್ರದ ಬುಡದಲ್ಲಿ, ಕೆಸರು ನೀರು ನೇರವಾಗಿ ರಾಚುವ ಜಾಗದಲ್ಲಿ. ಅದಕ್ಕೆ ಬರುವ ವೈರು ಸಸ್ಪೆನ್ಷನ್ ಜೊತೆ ಪ್ರತಿ ಹಳ್ಳಕ್ಕೂ ಮೇಲೆ ಕೆಳಗೆ ಬಾಗುತ್ತದೆ. ಹೀಗಾಗಿ ತೊಂದರೆ ಸಾಮಾನ್ಯವಾಗಿ ಹುಟ್ಟುವುದು ವೈರು ಒಳಗೊಳಗೇ ತುಂಡಾಗಿ, ಕನೆಕ್ಟರಿನೊಳಗೆ ನೀರು ಹೋಗಿ ಪಿನ್ನು ಹಸಿರುಗಟ್ಟಿ, ಇಲ್ಲವೇ ಮೋಟಾರು ಪೆಟ್ಟಿಗೆಯ ಸೀಲು ಬಿಟ್ಟು. ಕಿವಿಯಿಂದಲೇ ಅರ್ಧ ಪತ್ತೆಯಾಗುತ್ತದೆ. ಕಿಟಕಿ ಇಳಿಸಿ, ಸಮತಟ್ಟಾದ ಜಾಗದಲ್ಲಿ, ಒಬ್ಬರು ಸ್ವಿಚ್ ಎಳೆಯಲಿ, ಇನ್ನೊಬ್ಬರು ಹಿಂದೆ ನಿಂತು ಕೇಳಲಿ. ಎರಡೂ ಕಡೆಯಿಂದ ಒಂದೇ ಬಗೆಯ ಸದ್ದು, ಒಂದೇ ಹೊತ್ತಿಗೆ ಮುಗಿಯಬೇಕು. ಒಂದು ಕಡೆ ಮೌನವಾದರೆ ವೈರು ಅಥವಾ ಮೋಟಾರು. ಒಂದು ಕಡೆ ಸದ್ದು ಬಂದೂ ಕೊನೆಗೆ ದಪ್ಪವಾಗದೆ ಸುಮ್ಮನೆ ಓಡುತ್ತಿದ್ದರೆ, ಬೆಲ್ಟು ಅಥವಾ ಗೇರು ಹೋಗಿ ಬಲ ಸ್ಕ್ರೂವಿಗೆ ಮುಟ್ಟುತ್ತಿಲ್ಲ. ಗ್ಯಾರೇಜಿಗೆ ಒಯ್ದಾಗ ಇಡೀ ಕ್ಯಾಲಿಪರ್ ಬದಲಿಸಬೇಕು ಎಂದರೆ, ಮೊದಲು ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ ಎಂದು ಕೇಳಿ. ಎಷ್ಟೋ ಕಾರುಗಳಲ್ಲಿ ಮೋಟಾರು ಪೆಟ್ಟಿಗೆ ಎರಡು ಸ್ಕ್ರೂಗಳಲ್ಲಿ ನಿಂತಿರುತ್ತದೆ, ಕ್ಯಾಲಿಪರ್ ಮುಟ್ಟದೆ ಅದನ್ನಷ್ಟೇ ಬದಲಿಸಬಹುದು.

ಆದರೆ ಈ ಬ್ರೇಕಿಗೆ ಆಗುವ ದೊಡ್ಡ ಹಾನಿ ರಸ್ತೆಯಲ್ಲಿ ಆಗುವುದಲ್ಲ, ಪ್ಯಾಡು ಬದಲಿಸುವಾಗ ಕೈಯಾರೆ ಆಗುವುದು. ಹಳೆಯ ರೂಢಿಯ ಮೆಕ್ಯಾನಿಕ್ಕು ಚಕ್ರ ಬಿಚ್ಚಿ, ಸವೆದ ಪ್ಯಾಡು ತೆಗೆದು, ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತುತ್ತಾನೆ. ಮುಂಚಕ್ರದಲ್ಲಿ ಇದು ಸರಿ. ಹಿಂಚಕ್ರದಲ್ಲಿ ಪಿಸ್ಟನ್ನಿನ ಹಿಂದೆ ನಟ್ಟು ನಿಂತಿದೆ, ನಟ್ಟಿನ ಹಿಂದೆ ಹಿಂದಕ್ಕೆ ತಿರುಗದ ಸ್ಕ್ರೂ. ಪಿಸ್ಟನ್ನು ಸ್ವಲ್ಪ ಸರಿದು ನಿಲ್ಲುತ್ತದೆ. ತುಕ್ಕು ಹಿಡಿದಿರಬೇಕು ಎಂದುಕೊಂಡು ಇನ್ನೂ ಬಲವಾಗಿ ಬಿಗಿದರೆ, ಒತ್ತಡವೆಲ್ಲ ನಟ್ಟಿನ ಎಳೆಗಳ ಮೇಲೆ, ಸ್ಕ್ರೂ ಕೂತಿರುವ ಬೇರಿಂಗಿನ ಮೇಲೆ ಬಿದ್ದು ಒಳಗೆ ಏನೋ ಮುರಿಯುತ್ತದೆ. ಇದಕ್ಕಿಂತ ಅಪಾಯದ ಸಂದರ್ಭವೂ ಇದೆ: ಕ್ಯಾಲಿಪರ್ ಬಿಚ್ಚಿಟ್ಟ ಹೊತ್ತಿನಲ್ಲಿ ಯಾರೋ ಸ್ವಿಚ್ ಎಳೆದರೆ, ತಡೆಯಲು ಡಿಸ್ಕಿಲ್ಲದ ಪಿಸ್ಟನ್ನನ್ನು ಮೋಟಾರು ಹೊರಕ್ಕೆ ತಳ್ಳುತ್ತಲೇ ಹೋಗುತ್ತದೆ. ನಡುವೆ ಬೆರಳಿದ್ದರೆ ಬೆರಳು ಉಳಿಯುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಮೊದಲು ಬ್ಯಾಟರಿ ಚೆನ್ನಾಗಿದೆಯೇ ನೋಡಿ ಚಾರ್ಜರ್ ಹಾಕಿಕೊಳ್ಳಬೇಕು. ಅರ್ಧದಲ್ಲಿ ವೋಲ್ಟೇಜ್ ಕುಸಿದರೆ ನಟ್ಟು ಅರ್ಧದಲ್ಲೇ ನಿಲ್ಲುತ್ತದೆ. ಚಕ್ರಗಳಿಗೆ ಅಡ್ಡ ಕೊಟ್ಟು, ಬ್ರೇಕ್ ಬಿಡಿಸಿ, ಸ್ಕ್ಯಾನರ್ ಜೋಡಿಸಿ ಸರ್ವಿಸ್ ಮೋಡ್ ಆರಿಸಬೇಕು. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ಪೆಡಲು, ಸ್ವಿಚ್ಚುಗಳನ್ನು ಒಂದು ಕ್ರಮದಲ್ಲಿ ಒತ್ತಿಯೂ ಅಲ್ಲಿಗೆ ಹೋಗಬಹುದು. ಆಗ ಎರಡೂ ಮೋಟಾರುಗಳು ಎಂದಿಗಿಂತ ಹೆಚ್ಚು ಹೊತ್ತು ಓಡಿ ನಟ್ಟನ್ನು ಪೂರ್ತಿ ಹಿಂದಕ್ಕೆ ತರುತ್ತವೆ. ಆ ಮೋಡಿನಲ್ಲಿ ಸ್ವಿಚ್ ಎಳೆದರೂ ಮೋಟಾರು ಓಡುವುದಿಲ್ಲ. ಈಗ ಪಿಸ್ಟನ್ನು ಕೈಬಲಕ್ಕೆ ಸಮೀಪದ ಬಲದಲ್ಲೇ ನೇರವಾಗಿ ಹಿಂದೆ ಸರಿಯಬೇಕು. ಸರಿಯದಿದ್ದರೆ ನಟ್ಟು ಪೂರ್ತಿ ಹಿಂದೆ ಬಂದಿಲ್ಲ ಅಥವಾ ಪಿಸ್ಟನ್ನೇ ಹಿಡಿದುಕೊಂಡಿದೆ, ಅಲ್ಲಿಗೇ ನಿಲ್ಲಿಸಿ ಹುಡುಕಬೇಕು. ಹೊಸ ಪ್ಯಾಡು ಹಾಕಿ, ಜಾರುವ ಪಿನ್ನುಗಳಿಗೆ ಗ್ರೀಸು ಸವರಿ, ಕ್ಯಾಲಿಪರ್ ಕೂರಿಸಿದ ಮೇಲೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ತುಳಿಯಬೇಕು. ಇದನ್ನು ಮರೆತು ಸರ್ವಿಸ್ ಮೋಡಿನಿಂದ ಹೊರಬಂದರೆ, ಪ್ಯಾಡಿಗೂ ಡಿಸ್ಕಿಗೂ ನಡುವಿನ ದೊಡ್ಡ ಸಂದನ್ನು ಮೋಟಾರೊಂದೇ ಮುಚ್ಚಬೇಕಾಗುತ್ತದೆ. ನಿರೀಕ್ಷಿಸಿದ ಹೊತ್ತಿನಲ್ಲಿ ಕರೆಂಟು ಏರದ್ದನ್ನು ಕಂಡ ಯೂನಿಟ್ಟು ದೋಷವೆಂದು ಬರೆದುಕೊಂಡು ಹಳದಿ ದೀಪ ಹಚ್ಚಬಹುದು. ಪೆಡಲು ಗಟ್ಟಿಯಾದ ಮೇಲೆ ಸ್ಕ್ಯಾನರಿನಿಂದ ಸರ್ವಿಸ್ ಮೋಡ್ ಮುಗಿಸಿದರೆ, ಮೋಟಾರುಗಳು ಬಿಗಿದು ಬಿಟ್ಟು ಹೊಸ ಪ್ಯಾಡಿನ ಜಾಗವನ್ನು ಗುರುತಿಸಿಕೊಳ್ಳುತ್ತವೆ. ಕೊನೆಗೆ ಸಣ್ಣ ಏರಿನಲ್ಲಿ ಕಾರು ನಿಲ್ಲಿಸಿ, ಗೇರು ನ್ಯೂಟ್ರಲಿಗೆ ತಂದು, ಪೆಡಲ್ ಮೇಲೆ ಕಾಲನ್ನು ಸಿದ್ಧವಾಗಿಟ್ಟುಕೊಂಡು ಸ್ವಿಚ್ಚಿನ ಬಲದಲ್ಲಷ್ಟೇ ಕಾರು ನಿಲ್ಲುತ್ತದೆಯೇ ಎಂದು ನೋಡಬೇಕು. ಹಿಂದಿನ ಪ್ಯಾಡು ಬದಲಿಸಲು ಕಾರು ಕೊಡುವಾಗ ನೀವು ಕೇಳಬೇಕಾದದ್ದು ಒಂದೇ ಮಾತು: ಸರ್ವಿಸ್ ಮೋಡಿಗೆ ಹಾಕುವ ಸ್ಕ್ಯಾನರ್ ನಿಮ್ಮಲ್ಲಿದೆಯೇ?